ರಿಸಲ್ಟ್ ಮುಂಚೆ ಕಾಲ್ ಆಪ್ಷನ್ ಕೊಳ್ಳುವವರಿಗೆ

ಆರ್ಡರ್ ಹಾಕುವ ಮುಂಚೆ ನಾನು ಐದು ಸಾಲು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಒಂದು ಲೆಕ್ಕ ನೋಡಿ. ಶೇರು 1000 ರೂಪಾಯಿ, ಲಾಟ್ 500, ನಾಳೆ ರಿಸಲ್ಟ್.

ನೋಟ: ವಾರದಲ್ಲಿ 1050 ಮುಟ್ಟಬಹುದು. ಸುಮ್ನೆ 'ಏರುತ್ತೆ' ಅಂತ ಬರೆದರೆ ಸಾಲದು, ಎಷ್ಟು, ಯಾವಾಗ ಅನ್ನೋದೂ ಬೇಕು.

ವೊಲಟಿಲಿಟಿ: ಹೆಚ್ಚಿನವರು ಎಡವುವುದು ಇಲ್ಲೇ. ರಿಸಲ್ಟ್ ಮುಂಚೆ ಐವಿ, ಅಂದರೆ ಆಪ್ಷನ್ ಬೆಲೆಯಲ್ಲಿ ಸೇರಿರುವ ಏರಿಳಿತದ ನಿರೀಕ್ಷೆ, ಉಬ್ಬಿರುತ್ತೆ, ಬಂದ ಮೇಲೆ ಸಾಮಾನ್ಯವಾಗಿ ಇಳಿಯುತ್ತೆ. ಶೇರು 10 ರೂಪಾಯಿ ಏರಿದರೂ 40ರ ಕಾಲ್ 30ಕ್ಕೆ ಬೀಳಬಹುದು. ಅದಕ್ಕೇ ನಾನು 1000ದ ಕಾಲ್ 40ಕ್ಕೆ ಕೊಂಡು, 1050ರದನ್ನು 22ಕ್ಕೆ ಮಾರುತ್ತೇನೆ. ಮಾರಿದ್ದರ ಐವಿಯೂ ಇಳಿಯುವುದರಿಂದ ಪೆಟ್ಟು ಕಮ್ಮಿ.

ಲಿಕ್ವಿಡಿಟಿ: ಬಿಡ್ 38, ಆಸ್ಕ್ 42 ಇದ್ದರೆ ಆ ಅಂತರವೇ ಲಾಟಿಗೆ 2000 ರೂಪಾಯಿ. ಅಂಥ ಕಡೆ ನಾನು ಕೈ ಹಾಕಲ್ಲ. ಲಿಮಿಟ್ ಆರ್ಡರ್ ಮಾತ್ರ.

ಗರಿಷ್ಠ ನಷ್ಟ: 40ರಲ್ಲಿ 22 ಕಳೆದರೆ ಕೈಯಿಂದ ಹೋಗುವುದು 18. 18 × 500, ಅಂದರೆ 9000, ಜೊತೆಗೆ ಬ್ರೋಕರೇಜ್, ತೆರಿಗೆ. ಎರಡು ಕಾಲ್‌ಗಳ ನಡುವಿನ ಅಂತರ 50, ಅದರಲ್ಲಿ 18 ಕಳೆದರೆ 32, ಹಾಗಾಗಿ ಲಾಭ 16,000ಕ್ಕಿಂತ ಜಾಸ್ತಿ ಬರಲ್ಲ.

ಹೊರಬರುವುದು: 18 ಇದ್ದದ್ದು 9ಕ್ಕೆ ಇಳಿದರೆ ಎರಡೂ ಕಾಲ್ ಒಟ್ಟಿಗೆ ಮುಚ್ಚಿ. ಎಕ್ಸ್‌ಪೈರಿವರೆಗೆ ಎಳೆಯಬೇಡಿ. ಶೇರಿನ ಆಪ್ಷನ್‌ಗೆ ಫಿಸಿಕಲ್ ಸೆಟಲ್‌ಮೆಂಟ್ ಇದೆ. ಬೆಲೆ 1000–1050ರ ನಡುವೆ ನಿಂತರೆ ಐದು ಲಕ್ಷ ಕೊಟ್ಟು 500 ಶೇರು ತಗೋಬೇಕಾಗುತ್ತೆ.