ಕಿವಿಯಂಚಿನ ಐದನೆಯ ಸ್ಲೈಡ್

ಧಾರವಾಡದ ಒಂದು ಮನೆಯವರು ಬೀದಿಯಿಂದ ತಂದು ಸಾಕಿಕೊಂಡಿದ್ದ ಐದು ತಿಂಗಳ ಹೆಣ್ಣು ನಾಯಿಮರಿಯನ್ನು ನನ್ನ ಬಳಿಗೆ ಮೊದಲು ತಂದಾಗ, ಅದರ ಕೆನ್ನೆಯಲ್ಲಿ ನಾಣ್ಯದಗಲ ಕೂದಲು ಉದುರಿತ್ತು, ಮೊಣಕೈಯಲ್ಲೂ ಕಿವಿಯಂಚಿನಲ್ಲೂ ಹಕ್ಕಳೆ ಕಟ್ಟಿತ್ತು. ಮೇಜಿನ ಮೇಲೆ ನಿಲ್ಲಿಸಿದಾಗಲೂ ಅದು ಕೆರೆದುಕೊಳ್ಳುವುದನ್ನು ಬಿಡಲಿಲ್ಲ. ಅಂದು ನಾನು ಕೆನ್ನೆಯ ಚರ್ಮವನ್ನು ಬ್ಲೇಡಿನಿಂದ ಕೆರೆದು ಒಂದೇ ಒಂದು ಸ್ಕ್ರೇಪಿಂಗ್ ತೆಗೆದು, ಸೂಕ್ಷ್ಮದರ್ಶಕದಲ್ಲಿ ಏನೂ ಕಾಣದ್ದರಿಂದ ಅಲರ್ಜಿಯೆಂದು ಬಗೆದು ಐದು ದಿನಕ್ಕೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಬರೆದೆ. ಅದು ನನ್ನ ತಪ್ಪು. ಹತ್ತು ದಿನಗಳ ನಂತರ ಮರಿ ಮರಳಿ ಬಂದಾಗ ತುರಿಕೆ ಇಳಿದಿರಲಿಲ್ಲ. ಅದನ್ನು ಎತ್ತಿಕೊಂಡು ಬಂದಿದ್ದ ಮನೆಯೊಡತಿಯ ಮುಂದೋಳುಗಳಲ್ಲಿ ಕೆಂಪು ಗುಳ್ಳೆಗಳೆದ್ದಿದ್ದವು.

ನಾನು ಹುಡುಕಬೇಕಿದ್ದುದು ಚರ್ಮದ ಎರಡು ನುಸಿಗಳನ್ನು. ಡೆಮೊಡೆಕ್ಸ್ ನುಸಿ ಕೂದಲಿನ ಬುಡದ ಕುಳಿಯೊಳಗೆ ವಾಸಿಸುತ್ತದೆ, ಸಾರ್ಕಾಪ್ಟಿಸ್ ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆಯುತ್ತದೆ. ಆದ್ದರಿಂದ ಮೊದಲನೆಯದಕ್ಕೆ ಆಳವಾಗಿ, ಎರಡನೆಯದಕ್ಕೆ ಅಗಲವಾಗಿ ಕೆರೆಯಬೇಕು. ಒಂದೇ ಬಗೆಯ ಕೆರೆತದಿಂದ ಎರಡನ್ನೂ ಹಿಡಿಯಲು ಹೊರಟವರಿಗೆ ಒಂದು ತಪ್ಪಿಹೋಗುವುದು ಸಹಜ.

ಈ ಸಲ ಕೆನ್ನೆಯಿಂದಲೇ ಆರಂಭಿಸಿದೆ. ಹತ್ತನೆಯ ನಂಬರಿನ ಸ್ಕಾಲ್ಪೆಲ್ ಬ್ಲೇಡಿನ ಅಲಗನ್ನು ಮೊಂಡು ಮಾಡಿಕೊಂಡು, ಸ್ಲೈಡಿಗೂ ಚರ್ಮಕ್ಕೂ ಒಂದೊಂದು ಹನಿ ಲಿಕ್ವಿಡ್ ಪ್ಯಾರಫಿನ್ ಹಾಕಿದೆ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಚರ್ಮದ ಮಡಿಕೆಯನ್ನು ಬಿಗಿಯಾಗಿ ಹಿಂಡಿದರೆ ಕುಳಿಯೊಳಗಿನ ನುಸಿಗಳು ಮೇಲಕ್ಕೆ ಬರುತ್ತವೆ. ಅನಂತರ ಕೂದಲು ಬೆಳೆಯುವ ದಿಕ್ಕಿನಲ್ಲೇ, ಸಣ್ಣಗೆ ರಕ್ತ ಒಸರುವವರೆಗೆ ಕೆರೆಯಬೇಕು. ರಕ್ತ ಒಸರದಿದ್ದರೆ ಕುಳಿಯ ಆಳವನ್ನು ಮುಟ್ಟಿಲ್ಲವೆಂದೇ ಅರ್ಥ. ಮೊದಲ ಭೇಟಿಯಲ್ಲಿ ನಾನು ಅಷ್ಟು ದೂರ ಹೋಗಿರಲಿಲ್ಲ.

ಕವರ್‌ಸ್ಲಿಪ್ ಹಾಕಿ, ಸೂಕ್ಷ್ಮದರ್ಶಕದ ಕಂಡೆನ್ಸರ್ ಇಳಿಸಿ, ಬೆಳಕನ್ನು ತಗ್ಗಿಸಿ, ನಾಲ್ಕರ ಮತ್ತು ಹತ್ತರ ಆಬ್ಜೆಕ್ಟಿವ್‌ನಲ್ಲಿ ಸ್ಲೈಡಿನ ಮೂಲೆಮೂಲೆಯನ್ನೂ ಸಾಲುಹಿಡಿದು ನೋಡಿದೆ. ಬೆಳಕು ಹೆಚ್ಚಾದರೆ ಪಾರದರ್ಶಕವಾದ ನುಸಿ ಕಣ್ಣಿಗೆ ಬೀಳದೆಯೇ ದಾಟಿಹೋಗುತ್ತದೆ. ಚುಟ್ಟದಂತೆ ಉದ್ದವಾದ, ಮುಂಭಾಗದಲ್ಲಿ ಮಾತ್ರ ಮೋಟುಕಾಲುಗಳಿದ್ದ ಒಂದು ಡೆಮೊಡೆಕ್ಸ್ ಕಾಣಿಸಿತು. ಕಾಲುಗಳು ನಿಧಾನವಾಗಿ ಆಡುತ್ತಿದ್ದವು.

“ಹುಳ ಸಿಕ್ಕಿತಲ್ಲ ಡಾಕ್ಟ್ರೇ, ಇನ್ನೇನು?” ಎಂದು ಯಜಮಾನರು ಕೇಳಿದರು.

ಅಲ್ಲಿಗೇ ನಿಲ್ಲಿಸುವ ಆಸೆ ನನಗೂ ಇತ್ತು. ಆದರೆ ಆರೋಗ್ಯವಂತ ನಾಯಿಯ ಚರ್ಮದಲ್ಲಿಯೂ ಡೆಮೊಡೆಕ್ಸ್ ಅಲ್ಪಸಂಖ್ಯೆಯಲ್ಲಿ ಇದ್ದೇ ಇರುತ್ತದೆ. ಅದು ಸ್ಕ್ರೇಪಿಂಗ್‌ನಲ್ಲಿ ಸಿಗುವುದು ಅಪರೂಪವಾದ್ದರಿಂದ ಒಂದು ಕಂಡರೂ ಕಡೆಗಣಿಸುವಂತಿಲ್ಲ, ಬೇರೆ ಜಾಗಗಳಲ್ಲಿ ಮತ್ತೆ ಕೆರೆಯಬೇಕು. ಡೆಮೊಡೆಕ್ಸ್ ರೋಗವೇ ಆಗಿದ್ದರೆ ಸಾಮಾನ್ಯವಾಗಿ ಹಲವು ನುಸಿಗಳೂ, ಕದಿರಿನಾಕಾರದ ಮೊಟ್ಟೆಗಳೂ, ಆರು ಕಾಲಿನ ಮರಿಗಳೂ ಒಟ್ಟಿಗೆ ಕಾಣುತ್ತವೆ. ಇನ್ನೂ ಮೂರು ಕಡೆ ಆಳವಾಗಿ ಕೆರೆದರೂ ನನಗೆ ಮತ್ತೊಂದು ಸಿಗಲಿಲ್ಲ. ಅಲ್ಲದೆ, ಸೋಂಕಾಗಿ ಕೀವು ತುಂಬಿಲ್ಲದ ಡೆಮೊಡೆಕ್ಸ್ ಇಷ್ಟೊಂದು ತುರಿಸುವುದಿಲ್ಲ, ಮನುಷ್ಯರ ಕೈಯಲ್ಲಿ ಗುಳ್ಳೆ ಎಬ್ಬಿಸುವುದೂ ಇಲ್ಲ.

ಕಿವಿಯ ಅಂಚನ್ನು ಕಿವಿಗೇ ಮಡಿಸಿ ಉಜ್ಜಿದಾಗ ಮರಿಯ ಹಿಂಗಾಲು ತಾನಾಗಿಯೇ ಕೆರೆಯುವಂತೆ ಆಡಿತು. ಇದು ಸಾರ್ಕಾಪ್ಟಿಸ್ ಕಡೆಗೆ ಬೆರಳು ತೋರಿಸುತ್ತದೆಯೇ ಹೊರತು ಖಚಿತಪಡಿಸುವುದಿಲ್ಲ. ಹಕ್ಕಳೆ ದಪ್ಪಗಿದ್ದು, ಮರಿ ಕೆರೆದು ಗಾಯ ಮಾಡಿಕೊಳ್ಳದಿದ್ದ ಜಾಗಗಳನ್ನೇ ಆರಿಸಿ, ಕಿವಿಯಂಚು ಮತ್ತು ಮೊಣಕೈಗಳಲ್ಲಿ ರಕ್ತ ಬಾರದಂತೆ ಅಗಲವಾಗಿ ಕೆರೆದು ಐದು ಸ್ಲೈಡ್ ಮಾಡಿದೆ. ನಾಲ್ಕರಲ್ಲಿ ಚರ್ಮದ ಚಕ್ಕೆ, ಗಾಳಿಗುಳ್ಳೆ, ತುಂಡುಗೂದಲು ಅಷ್ಟೇ. ಗಾಳಿಗುಳ್ಳೆಯ ಅಂಚು ಕಪ್ಪಗೆ, ವೃತ್ತ ಬರೆದಂತಿರುತ್ತದೆ. ಹೊಸದಾಗಿ ನೋಡುವವರು ಅದನ್ನೇ ಮೊಟ್ಟೆಯೆಂದು ಭ್ರಮಿಸುವುದುಂಟು. ಐದನೆಯದರಲ್ಲಿ ನುಸಿ ಇರಲಿಲ್ಲ, ಆದರೆ ಒಂದು ದೊಡ್ಡ ಅಂಡಾಕಾರದ ಮೊಟ್ಟೆಯೂ ಅದರ ಪಕ್ಕದಲ್ಲಿ ಕಂದುಬಣ್ಣದ ಹಿಕ್ಕೆಗಳ ಗುಂಪೂ ಇದ್ದವು. ಸಾರ್ಕಾಪ್ಟಿಸ್‌ಗೆ ಒಂದು ನುಸಿಯೋ ಒಂದು ಮೊಟ್ಟೆಯೋ ಸಿಕ್ಕರೂ ಸಾಕು.

ಐದನೆಯ ಸ್ಲೈಡೂ ಖಾಲಿಯಾಗಿದ್ದರೂ ನಾನು ಸಾರ್ಕಾಪ್ಟಿಸ್ ಚಿಕಿತ್ಸೆಯನ್ನೇ ಕೊಡುತ್ತಿದ್ದೆ, ಏಕೆಂದರೆ ಅದು ಇದ್ದೂ ಸ್ಕ್ರೇಪಿಂಗ್‌ನಲ್ಲಿ ಸಿಗದಿರುವುದು ತೀರಾ ಸಾಮಾನ್ಯ. ಡೆಮೊಡೆಕ್ಸ್ ವಿಷಯ ಹಾಗಲ್ಲ: ಸರಿಯಾಗಿ ಹಿಂಡಿ, ಹಲವು ಕಡೆ ಆಳವಾಗಿ ಕೆರೆದೂ ಸಿಗದಿದ್ದರೆ ಬಹುತೇಕ ಇಲ್ಲವೆನ್ನಬಹುದು, ಚರ್ಮ ದಪ್ಪಗಟ್ಟಿದ ಪಾದದಂಥ ಜಾಗಗಳು ಇದಕ್ಕೆ ಅಪವಾದ, ಅಲ್ಲಿ ಕೂದಲು ಕಿತ್ತು ಬುಡವನ್ನು ನೋಡಬೇಕು, ಕೆಲವೊಮ್ಮೆ ಬಯಾಪ್ಸಿಯೂ ಬೇಕಾಗುತ್ತದೆ.

ಆಫಾಕ್ಸೋಲೇನರ್ ಮಾತ್ರೆ ಎರಡೂ ನುಸಿಗಳ ಮೇಲೆ ಕೆಲಸ ಮಾಡುವಾಗ ಇಷ್ಟು ಕೆರೆಯುವುದೇಕೆ ಎಂದು ಕಿರಿಯ ಸಹೋದ್ಯೋಗಿಗಳು ಕೇಳುತ್ತಾರೆ. ಡೆಮೊಡೆಕ್ಸ್ ಆಗಿದ್ದರೆ ನಾನು ಈ ಮರಿಯೊಂದಕ್ಕೇ ಔಷಧಿ ಕೊಟ್ಟು, ಸ್ಟೀರಾಯ್ಡ್ ದೂರವಿಟ್ಟು, ತಿಂಗಳಿಗೊಮ್ಮೆ ಕೆರೆದು ನೋಡುತ್ತಿದ್ದೆ. ಒಂದರಿಂದ ಇನ್ನೊಂದಕ್ಕೆ ಹರಡುವ ಸಾರ್ಕಾಪ್ಟಿಸ್ ಆದ್ದರಿಂದ ಅದೇ ಮನೆಯ ಏನೂ ತುರಿಕೆಯಿಲ್ಲದ ಹಿರಿಯ ನಾಯಿಗೂ ಅಂದೇ ಮಾತ್ರೆ ಕೊಡಿಸಿ, ಹಾಸಿಗೆಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಲು ಹೇಳಿ, ಮನೆಯೊಡತಿಯನ್ನು ಚರ್ಮವೈದ್ಯರ ಬಳಿಗೆ ಕಳುಹಿಸಿದೆ. ತಿಂಗಳ ನಂತರ ಎರಡನೆಯ ಮಾತ್ರೆಗೆ ಬಂದಾಗ ತುರಿಕೆ ನಿಂತಿತ್ತು, ಕೆನ್ನೆಯಲ್ಲಿ ಕೂದಲು ಚಿಗುರಿತ್ತು. ಅಲ್ಲಿ ಮತ್ತೊಮ್ಮೆ ಆಳವಾಗಿ ಕೆರೆದೆ, ಸ್ಲೈಡಿನಲ್ಲಿ ರಕ್ತಕಣ ಮತ್ತು ಎಣ್ಣೆಯ ಹೊರತು ಏನೂ ಇರಲಿಲ್ಲ.