50+20 ಅಂದರೆ 70 ಅಲ್ಲ: ಡಿಸ್ಕೌಂಟ್ ಮೇಲೆ ಡಿಸ್ಕೌಂಟ್ ಲೆಕ್ಕ ಹಾಕುವುದು ಹೀಗೆ

ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಬಟ್ಟೆ ಅಂಗಡಿಗಳಿಗೆ ಗಿರಾಕಿಗಳೂ ಕಡಿಮೆ. ಅದಕ್ಕೇ ಆ ತಿಂಗಳಲ್ಲಿ ಅಂಗಡಿ ಮುಂದೆ ದೊಡ್ಡ ದೊಡ್ಡ ಬೋರ್ಡ್ ಏಳುತ್ತವೆ: ‘ಶೇ 50 + ಶೇ 20’. ಆ ಬೋರ್ಡ್ ನೋಡಿ ಒಳಗೆ ಹೋದವರು ಬಿಲ್ಲಿಂಗ್ ಕೌಂಟರ್ ಮುಂದೆ ಜಗಳಕ್ಕೆ ನಿಲ್ಲುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. “ಅಣ್ಣಾ, 50 ಪ್ಲಸ್ 20 ಅಂತ ಬರೆದಿದ್ದೀರಲ್ಲಾ, 70 ಆಗ್ಬೇಕಲ್ವಾ? 960 ಹೇಗೆ ಬಂತು?” ಅಂತ ಗಿರಾಕಿ ಕೇಳುತ್ತಾರೆ. “ಸಿಸ್ಟಮ್‌ನಲ್ಲಿ ಬರ್ತಿರೋದೇ ಇಷ್ಟು ಮೇಡಂ” ಅಂತ ಹುಡುಗ ಹೇಳುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಆ 960 ಎಲ್ಲಿಂದ ಬಂತು ಅಂತ ಅಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಾರೆ, ಗಿರಾಕಿ ಮೋಸ ಹೋದೆ ಅಂದುಕೊಂಡೇ ದುಡ್ಡು ಕೊಡುತ್ತಾರೆ.

ಅದೇ ಬಿಲ್ಲನ್ನು ಇಲ್ಲಿ ಬಿಡಿಸಿ ನೋಡೋಣ. ಒಂದು ಕುರ್ತಾ, ಎಂಆರ್‌ಪಿ 2,400 ರೂಪಾಯಿ.

ಹಂತ 1: ಟ್ಯಾಗ್ ಮೇಲಿನ ಎಂಆರ್‌ಪಿ ನೋಡಿ

ಲೆಕ್ಕ ಶುರುವಾಗುವುದೇ ಇಲ್ಲಿಂದ. ಅಚ್ಚಾದ ಬೆಲೆಯ ಮೇಲೆ ಜಾಸ್ತಿ ಬೆಲೆಯ ಸ್ಟಿಕ್ಕರ್ ಅಂಟಿಸಿದ್ದರೆ ಆ ಬಟ್ಟೆ ಬಿಟ್ಟುಬಿಡಿ. ಪ್ಯಾಕ್ ಮಾಡಿದ ಸಾಮಾನಿನ ನಿಯಮದಲ್ಲಿ ಬೆಲೆ ಇಳಿಸುವುದಕ್ಕೆ ಸ್ಟಿಕ್ಕರ್ ಹಾಕಬಹುದು, ಅದೂ ಹಳೆಯ ಬೆಲೆ ಮುಚ್ಚದ ಹಾಗೆ. ಏರಿಸುವುದಕ್ಕೆ ಹಾಕುವ ಹಾಗಿಲ್ಲ.

ಹಂತ 2: ಎಷ್ಟು ಹೋಯಿತು ಅಂತಲ್ಲ, ಎಷ್ಟು ಉಳಿಯಿತು ಅಂತ ಕೇಳಿ

ಎಲ್ಲರೂ ಎಡವುವುದು ಇದೇ ಜಾಗದಲ್ಲಿ. ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ.

ಮೊದಲ ಡಿಸ್ಕೌಂಟ್ ಶೇ 50. 2,400ರಲ್ಲಿ ಅರ್ಧ ಹೋಯಿತು, 1,200 ಉಳಿಯಿತು. ಈಗ ಎರಡನೇ ಡಿಸ್ಕೌಂಟ್ ಶೇ 20. ಯಾವುದರ ಶೇ 20? ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಮುಂದೆ ಹೋಗಬಾರದು. ಶೇ 20 ಅನ್ನುವುದಕ್ಕೆ ಒಂಟಿಯಾಗಿ ಯಾವ ಬೆಲೆಯೂ ಇಲ್ಲ. ಯಾವ ಮೊತ್ತದ ಶೇ 20 ಅಂತ ಗೊತ್ತಾದ ಮೇಲೆಯೇ ಅದು ಇಷ್ಟು ರೂಪಾಯಿ ಅಂತ ಆಗುವುದು. ಎರಡನೇ ಡಿಸ್ಕೌಂಟ್ ಬರುವ ಹೊತ್ತಿಗೆ ನಮ್ಮ ಕೈಯಲ್ಲಿರುವುದು 2,400 ಅಲ್ಲ, 1,200. ಅದರ ಶೇ 20 ಅಂದರೆ 240. ಅದನ್ನು ಕಳೆದರೆ 960.

70 ಅಂತ ಕೂಡಿಸಿದವರು ಏನು ಮಾಡಿದರು? ಎರಡನೇ ಶೇ 20ನ್ನೂ ಪೂರ್ತಿ 2,400ರ ಮೇಲೆ ತೆಗೆದರು. ಆಗ 480 ಬರುತ್ತದೆ, ಬಿಲ್ 720ಕ್ಕೆ ಇಳಿಯುತ್ತದೆ. ಅಂಗಡಿಯ ಲೆಕ್ಕಕ್ಕೂ ಇವರ ಲೆಕ್ಕಕ್ಕೂ ಸರಿಯಾಗಿ 240 ರೂಪಾಯಿ ವ್ಯತ್ಯಾಸ.

ಆ 240 ಎಲ್ಲಿ ಹೋಯಿತು ಅಂತ ಹುಡುಕಿದರೆ ವಿಷಯ ಪೂರ್ತಿ ತಿಳಿಯುತ್ತದೆ. ಮೊದಲ ಡಿಸ್ಕೌಂಟಿನಲ್ಲಿ 1,200 ರೂಪಾಯಿಯನ್ನು ಅಂಗಡಿಯವರು ಆಗಲೇ ಬಿಟ್ಟುಕೊಟ್ಟಿದ್ದಾರೆ. ಅದನ್ನು ನಾವು ಕೊಡುವುದೇ ಇಲ್ಲ. ಕೂಡಿಸುವವರು ಆ ಕೊಡದೇ ಇರುವ 1,200ರ ಮೇಲೂ ಶೇ 20 ಡಿಸ್ಕೌಂಟ್ ಕೇಳುತ್ತಿದ್ದಾರೆ. 1,200ರ ಶೇ 20 ಅಂದರೆ ಅದೇ 240. ಕೊಡದ ದುಡ್ಡಿನ ಮೇಲೆ ರಿಯಾಯಿತಿ ಸಿಗುವುದು ಹೇಗೆ?

ಇನ್ನೂ ಅನುಮಾನ ಇದ್ದರೆ ‘ಶೇ 50 + ಶೇ 50’ ಅಂತ ಬೋರ್ಡ್ ಇದೆ ಅಂದುಕೊಳ್ಳಿ. ಕೂಡಿಸಿದರೆ 100, ಅಂದರೆ ಬಟ್ಟೆ ಪುಕ್ಕಟೆ. ಯಾವ ಅಂಗಡಿಯವರೂ ಹಾಗೆ ಕೊಡುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ನಿಜವಾಗಿ ಆಗುವುದು ಅರ್ಧದಲ್ಲಿ ಅರ್ಧ. ಕಾಲು ಭಾಗ ಉಳಿಯುತ್ತದೆ, ಡಿಸ್ಕೌಂಟ್ ಶೇ 75. ಇಲ್ಲಿ ಕೂಡಿಸುವುದು ತಪ್ಪಾದರೆ 50+20ರಲ್ಲೂ ತಪ್ಪೇ.

ಹಂತ 3: ಉಳಿದದ್ದನ್ನು ಗುಣಿಸಿ

ಶೇ 50 ಹೋದರೆ 0.5 ಉಳಿಯಿತು. ಶೇ 20 ಹೋದರೆ 0.8 ಉಳಿಯಿತು.

2400 × 0.5 × 0.8 = 960

ಬೆಲೆ ಬಿಟ್ಟು ಬರೀ 0.5 × 0.8 ಮಾಡಿದರೆ 0.4. ಅಂದರೆ ನೂರಕ್ಕೆ 40 ರೂಪಾಯಿ ನಾವು ಕೊಡಬೇಕು, 60 ಬಿಟ್ಟರು. ‘50+20’ ಬೋರ್ಡಿನ ನಿಜವಾದ ಡಿಸ್ಕೌಂಟ್ ಶೇ 60. ಅದರ ಪಕ್ಕ ಇನ್ನೊಂದು ಶೇ 10 ಸೇರಿಸಿದ್ದರೆ ಇನ್ನೊಂದು 0.9ರಿಂದ ಗುಣಿಸಿದರಾಯಿತು: 0.36 ಉಳಿಯಿತು, ಶೇ 64 ಹೋಯಿತು. ಕೂಡಿಸಿದ್ದರೆ 80 ಅಂದುಕೊಂಡಿರುತ್ತಿದ್ದೆವು.

ಬ್ಯಾಂಕ್ ಪರೀಕ್ಷೆಗೆ ಓದಿದವರು ಇಲ್ಲಿ ಸೂತ್ರ ಹೇಳುತ್ತಾರೆ: ಎರಡನ್ನೂ ಕೂಡಿಸಿ, ಎರಡರ ಗುಣಲಬ್ಧವನ್ನು ನೂರರಿಂದ ಭಾಗಿಸಿ ಕಳೆಯಿರಿ. 70 − 10 = 60. ಸೂತ್ರ ಸರಿಯಾಗಿಯೇ ಇದೆ, ಆ ಕಳೆಯುವ 10 ನಾವು ಮೇಲೆ ನೋಡಿದ 240 ರೂಪಾಯಿಯೇ. ಆದರೆ ಅಂಗಡಿಯಲ್ಲಿ ನಿಂತು ಈ ಸೂತ್ರ ಬಳಸಬೇಡಿ. ಮೂರನೇ ಡಿಸ್ಕೌಂಟ್ ಬಂದ ಕೂಡಲೇ ಗೋಜಲಾಗುತ್ತದೆ. ಉಳಿದದ್ದನ್ನು ಗುಣಿಸುವ ದಾರಿ ಎಷ್ಟು ಡಿಸ್ಕೌಂಟ್ ಇದ್ದರೂ ಒಂದೇ.

ಡಿಸ್ಕೌಂಟ್ ಲೆಕ್ಕ ಹಾಕುವ ಆ್ಯಪ್‌ಗಳು ಬೇಡವೇ ಬೇಡ. ಲೆಕ್ಕಕ್ಕಿಂತ ಜಾಹೀರಾತೇ ಜಾಸ್ತಿ. ಫೋನಿನಲ್ಲೇ ಇರುವ ಕ್ಯಾಲ್ಕುಲೇಟರ್ ಸಾಕು. ಆದರೆ ಅದರ % ಗುಂಡಿ ನಂಬುವ ಮೊದಲು ಒಂದು ಸಲ 100 − 50% ಒತ್ತಿ ನೋಡಿ. 50 ಬಂದರೆ ಅದು ಬೆಲೆಯ ಮೇಲೆ ಶೇಕಡಾ ತೆಗೆಯುತ್ತಿದೆ. 99.5 ಬಂದರೆ ಅದು ಸುಮ್ನೆ 50ನ್ನು 0.5 ಮಾಡಿ ಕಳೆಯುತ್ತಿದೆ, ಅಂಗಡಿ ಲೆಕ್ಕಕ್ಕೆ ಆಗುವುದಿಲ್ಲ. ಆ ಗುಂಡಿ ಮುಟ್ಟದೆ 0.5, 0.8 ಅಂತಲೇ ಒತ್ತುವುದು ವಾಸಿ.

ಹಂತ 4: ಎರಡು ಬೋರ್ಡ್ ಹೋಲಿಸುವಾಗ ಕೂಡಿಸಿ ಹೋಲಿಸಬೇಡಿ

ಚಿಕ್ಕಪೇಟೆಯಲ್ಲಿ ಅಕ್ಕಪಕ್ಕದ ಎರಡು ಅಂಗಡಿಗಳು ಅಂದುಕೊಳ್ಳಿ. ಒಂದರಲ್ಲಿ 40+40, ಇನ್ನೊಂದರಲ್ಲಿ 70+10. ಕೂಡಿಸಿದರೆ ಎರಡೂ 80, ಯಾವುದಕ್ಕೆ ಹೋದರೂ ಒಂದೇ ಅನಿಸುತ್ತದೆ. ಗುಣಿಸಿ ನೋಡಿ. ಮೊದಲನೆಯದರಲ್ಲಿ 0.6 × 0.6, ಅಂದರೆ ನೂರಕ್ಕೆ 36 ರೂಪಾಯಿ ಕೊಡಬೇಕು. ಎರಡನೆಯದರಲ್ಲಿ 0.3 × 0.9, ನೂರಕ್ಕೆ 27. ನಮ್ಮ 2,400ರ ಕುರ್ತಾಕ್ಕೆ ಒಂದು ಕಡೆ 864, ಇನ್ನೊಂದು ಕಡೆ 648.

ಕೂಡಿಸಿದಾಗ ಒಂದೇ ಬರುವ ಬೋರ್ಡ್‌ಗಳಲ್ಲಿ ಎರಡು ಭಾಗವೂ ಸಮನಾಗಿದ್ದರೆ ಗಿರಾಕಿಗೆ ಸಿಗುವುದು ಎಲ್ಲಕ್ಕಿಂತ ಕಡಿಮೆ. ಒಂದು ದೊಡ್ಡದು, ಒಂದು ಸಣ್ಣದು ಆದಷ್ಟೂ ಲಾಭ ನಮ್ಮ ಕಡೆಗೆ ವಾಲುತ್ತದೆ. ಬೋರ್ಡಿನ ಮೇಲೆ ಒಂದೇ ಸಂಖ್ಯೆ ಬರೆಯುವ ಅಂಗಡಿ ನನಗೆ ಎಲ್ಲಕ್ಕಿಂತ ಇಷ್ಟ. ‘ನೇರ ಶೇ 60’ ಅಂತ ಬರೆದವರು ‘50+20’ ಬರೆದವರಷ್ಟೇ ಬಿಡುತ್ತಿದ್ದಾರೆ, ಗಿರಾಕಿಯ ತಲೆಯಲ್ಲಿ 70 ಕೂರಿಸದೆ.

ಹಂತ 5: ಕೂಪನ್ ಇದ್ದರೆ ಕ್ರಮ ಕೇಳಿ

ಬರೀ ಶೇಕಡಾ ಡಿಸ್ಕೌಂಟ್‌ಗಳಾದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಮುಖ್ಯವಲ್ಲ. ಮೊದಲು ಶೇ 20 ತೆಗೆದರೆ 1,920, ಅದರಲ್ಲಿ ಅರ್ಧ ತೆಗೆದರೆ ಅದೇ 960. ಗುಣಾಕಾರದಲ್ಲಿ ಹಿಂದುಮುಂದಾದರೂ ಉತ್ತರ ಬದಲಾಗುವುದಿಲ್ಲ.

ಆದರೆ ‘200 ರೂಪಾಯಿ ಕಡಿತ’ ಅಂತ ರೂಪಾಯಿಯಲ್ಲೇ ಬರೆದ ಕೂಪನ್ ಮಧ್ಯೆ ಬಂದರೆ ಈ ಮಾತು ಸುಳ್ಳಾಗುತ್ತದೆ. ಅರ್ಧ ಬೆಲೆ ಆದ ಮೇಲೆ 1,200 ಇದೆ. ಮೊದಲು ಶೇ 20 ತೆಗೆದು ಆಮೇಲೆ ಕೂಪನ್ ಕಳೆದರೆ 960 − 200, ಅಂದರೆ 760. ಮೊದಲು ಕೂಪನ್ ಕಳೆದು ಆಮೇಲೆ ಶೇ 20 ತೆಗೆದರೆ 1,000 × 0.8, ಅಂದರೆ 800. ಆ 40 ರೂಪಾಯಿ ಕೂಪನ್ ಮೊತ್ತದ ಶೇ 20. ಇಲ್ಲೂ ಅದೇ ಕಾರಣ: ಆಗಲೇ ಬಿಟ್ಟ 200ರ ಮೇಲೆ ಶೇ 20 ಸಿಗಲಿಲ್ಲ. ಹಾಗಾಗಿ ಕೂಪನ್ ಯಾವಾಗಲೂ ಕೊನೆಗೆ ಹಾಕಿಸಿ.

ಆದರೆ ಕೂಪನ್ ಹಿಂದಿನ ಸಣ್ಣ ಅಕ್ಷರ ಓದದೆ ಹಾಗೆ ಕೇಳಬೇಡಿ. ‘ಕನಿಷ್ಠ ಬಿಲ್ 1,000’ ಅಂತ ಇದ್ದರೆ ನಮ್ಮ 960ರ ಬಿಲ್ಲಿಗೆ ಅದು ನಡೆಯುವುದೇ ಇಲ್ಲ. ಆಗ ಕೂಪನ್ ಮೊದಲು ಹಾಕಿಸಿ 800 ಕೊಡುವುದೇ ಲಾಭ, ಅಂಗಡಿಯವರು ಒಪ್ಪಿದರೆ. ಸಾಮಾನ್ಯವಾಗಿ ಕ್ರಮ ಅವರ ಕಂಪ್ಯೂಟರಿನಲ್ಲೇ ಕೂತಿರುತ್ತದೆ, ಕೌಂಟರ್ ಹುಡುಗನ ಕೈಯಲ್ಲಿ ಇರುವುದಿಲ್ಲ. ಬಟ್ಟೆ ಆರಿಸುವ ಮೊದಲೇ ಕೇಳಿಕೊಳ್ಳಿ. ಕಾರ್ಡ್ ಆಫರ್‌ಗೂ ಹೀಗೇ. ‘ಶೇ 10, ಗರಿಷ್ಠ 500 ರೂಪಾಯಿ’ ಅಂತಿದ್ದರೆ 5,000ದವರೆಗೆ ಅದು ಶೇ 10. ಬಿಲ್ 10,000 ಆದರೆ ಶೇ 5 ಅಷ್ಟೇ. ಅಲ್ಲಿ 0.9ರಿಂದ ಗುಣಿಸಬಾರದು, ನೇರ 500 ಕಳೆಯಬೇಕು.

ಹಂತ 6: ಬಿಲ್ ಕೈಗೆ ಬಂದಾಗ

ಕೊಟ್ಟ ದುಡ್ಡನ್ನು ಎಂಆರ್‌ಪಿಯಿಂದ ಭಾಗಿಸಿ. 960 ÷ 2400 = 0.4 ಬಂದರೆ ಶೇ 60 ಡಿಸ್ಕೌಂಟ್ ಪೂರ್ತಿ ಸಿಕ್ಕಿದೆ. 0.42 ಬಂದರೆ ಏನೋ ಸೇರಿಕೊಂಡಿದೆ ಅಂತ ಅರ್ಥ. ಬಹಳ ಸಲ ಅದು ತೆರಿಗೆ. 960ರ ಮೇಲೆ ಶೇ 5 ಜಿಎಸ್‌ಟಿ ಅಂತ 48 ರೂಪಾಯಿ ಸೇರಿಸಿ 1,008 ಮಾಡಿರುತ್ತಾರೆ. ಆಗ ಶೇ 60 ಅಂದದ್ದು ಶೇ 58ಕ್ಕೆ ಇಳಿಯಿತು.

ಟ್ಯಾಗ್ ಇನ್ನೊಮ್ಮೆ ಓದಿ. ಎಂಆರ್‌ಪಿ ಪಕ್ಕದಲ್ಲಿ ‘ಎಲ್ಲ ತೆರಿಗೆ ಸೇರಿ’ ಅಂತ ಇರುತ್ತದೆ. ತೆರಿಗೆ ಆ 2,400ರ ಒಳಗೇ ಇದೆ. ಇಳಿಸಿದ ಬೆಲೆಯ ಮೇಲೆ ಅದನ್ನು ಮತ್ತೆ ಹಾಕುವುದು ಸರಿಯಲ್ಲ. ಜಿಎಸ್‌ಟಿ ಬರುವ ಮೊದಲು ವ್ಯಾಟ್ ಇದ್ದಾಗ ಇಂಥದ್ದೇ ಪ್ರಕರಣ ರಾಷ್ಟ್ರೀಯ ಗ್ರಾಹಕ ಆಯೋಗದ ಮುಂದೆ ಬಂದಿತ್ತು. ಎಂಆರ್‌ಪಿ ಮೇಲೆ ಡಿಸ್ಕೌಂಟ್ ಅಂತ ಹೇಳಿ, ಇಳಿದ ಬೆಲೆಗೆ ತೆರಿಗೆ ಸೇರಿಸುವುದು ಅನುಚಿತ ವ್ಯಾಪಾರ ಪದ್ಧತಿ ಅಂತ ಆಯೋಗ 2017ರಲ್ಲಿ ಹೇಳಿದೆ. ‘ತೆರಿಗೆ ಪ್ರತ್ಯೇಕ’ ಅಂತ ಬೋರ್ಡಿನ ಮೂಲೆಯಲ್ಲಿ ಬರೆದಿದ್ದೇವೆ ಅನ್ನುವ ಉತ್ತರವನ್ನು ಒಪ್ಪಿಕೊಳ್ಳಬೇಡಿ.

ಕೂಡಿಸುವ ತಪ್ಪು ಮಾಡಿ 240 ರೂಪಾಯಿಗೆ ಜಗಳ ಆಡಿದರೆ ಅಂಗಡಿಯವರದೇ ಸರಿ. ಈ 48 ರೂಪಾಯಿಗೆ ಕೇಳಿದರೆ ನಿಮ್ಮದೇ ಸರಿ. ಕೌಂಟರಿನಲ್ಲಿ ಬಗೆಹರಿಯದಿದ್ದರೆ ಮ್ಯಾನೇಜರ್ ಕರೆಸಿ, ಟ್ಯಾಗ್ ಮತ್ತು ಬಿಲ್ ಎರಡನ್ನೂ ಮುಂದಿಟ್ಟು ಕೇಳಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅಲ್ಲಿಯವರೆಗೆ ಬಟ್ಟೆಯಿಂದ ಟ್ಯಾಗ್ ಕಿತ್ತು ಎಸೆಯಬೇಡಿ. ‘ಎಲ್ಲ ತೆರಿಗೆ ಸೇರಿ’ ಅನ್ನುವ ಸಾಲು ಇರುವುದು ಅದರ ಮೇಲೆಯೇ, ಬಿಲ್ಲಿನಲ್ಲಿ ಅಲ್ಲ.