ಉಂಗುರ ಬಿಚ್ಚಿದರೆ ತಾನೇ ಬೆಳ್ಳಿ ಕನ್ನಡಿ

ನೀರಿನಲ್ಲಿ ಕರಗಿದ ಗ್ಲೂಕೋಸ್ ಹೆಚ್ಚುಕಡಿಮೆ ಪೂರ್ತಿ ಉಂಗುರದ ರೂಪದಲ್ಲೇ ಇರುತ್ತದೆ. ತೆರೆದ ಸರಪಳಿ ಸಾವಿರಕ್ಕೆ ಒಂದರಷ್ಟೂ ಇಲ್ಲ. ಗಾಜಿನ ಒಳಮೈಗೆ ಬೆಳ್ಳಿ ಕನ್ನಡಿ ಕಟ್ಟಿಸುವ, ಬೆಳ್ಳಿ ಅಯಾನು ಇರುವ ಟಾಲೆನ್ಸ್ ಕಾರಕಕ್ಕೆ ಬೇಕಾದ ಆಲ್ಡಿಹೈಡ್ ಗುಂಪು ಇರುವುದು ಆ ಸರಪಳಿಯಲ್ಲಿ ಮಾತ್ರ. ಹಾಗಿದ್ರೆ ಕನ್ನಡಿ ಕಟ್ಟುವುದು ಹೇಗೆ? ವಿದ್ಯಾರ್ಥಿಗಳು ಹೀಗೆ ಕೇಳಿದಾಗ ನಾನು ಮೊದಲು, ಧ್ರುವೀಕೃತ ಬೆಳಕನ್ನು ದ್ರಾವಣ ಎಷ್ಟು ಡಿಗ್ರಿ ತಿರುಗಿಸುತ್ತದೆ ಎಂದು ಅಳೆಯುವ ಪೋಲಾರಿಮೀಟರ್ ತೋರಿಸುತ್ತೇನೆ.

ನೀರಿಲ್ಲದ ಆಲ್ಫಾ ಗ್ಲೂಕೋಸ್ 10 ಗ್ರಾಂ ತೂಗಿ, ನೀರಿನಲ್ಲಿ ಕರಗಿಸಿ 100 ಮಿಲಿಗೆ ತರುತ್ತೇನೆ. ತಡ ಮಾಡದೆ 10 ಸೆಂಟಿಮೀಟರ್ ಕೊಳವೆಗೆ ತುಂಬಿ ನೋಡಬೇಕು. ಶುರುವಿನಲ್ಲಿ ಓದು +11 ಡಿಗ್ರಿ ಹತ್ತಿರ ಇರುತ್ತದೆ. ಆಮೇಲೆ ನಿಧಾನವಾಗಿ ಇಳಿಯುತ್ತಾ, ಕೆಲವು ಗಂಟೆಗಳಲ್ಲಿ +5.3ರ ಹತ್ತಿರ ನಿಲ್ಲುತ್ತದೆ. ಇದೇ ಮ್ಯುಟಾರೊಟೇಶನ್. ಉಂಗುರ ಬಿಚ್ಚಿ ಮತ್ತೆ ಮುಚ್ಚಿಕೊಳ್ಳುವಾಗ ಒಂದನೇ ಕಾರ್ಬನ್ನಿನ OH ಗುಂಪು ಆಲ್ಫಾ ಕಡೆಗೂ ಬರಬಹುದು, ಬೀಟಾ ಕಡೆಗೂ ಬರಬಹುದು. ಈ ಎರಡು ಅನೋಮರ್‌ಗಳ ವ್ಯತ್ಯಾಸ ಇಷ್ಟೇ.

ಲೆಕ್ಕವೂ ಸುಲಭ. 10 ಸೆಂಟಿಮೀಟರ್ ಕೊಳವೆ, ಮಿಲಿಗೆ 1 ಗ್ರಾಂ ಲೆಕ್ಕಕ್ಕೆ ತಂದ ತಿರುವನ್ನು ವಿಶಿಷ್ಟ ಆವರ್ತನೆ ಅನ್ನುತ್ತಾರೆ. ಶುದ್ಧ ಆಲ್ಫಾದ್ದು +112.2, ಬೀಟಾದ್ದು +18.7, ಕೊನೆಗೆ ನಿಲ್ಲುವುದು +52.7. ಆಲ್ಫಾ ಪಾಲು (52.7 − 18.7) ÷ (112.2 − 18.7), ಅಂದ್ರೆ ಸುಮಾರು 36%. ಉಳಿದದ್ದು ಬೀಟಾ.

ನನಗೆ ತುಂಬಾ ಇಷ್ಟವಾಗುವುದು ಮುಂದಿನ ಹೆಜ್ಜೆ. ಹೊಸದಾಗಿ ಮಾಡಿದ ದ್ರಾವಣಕ್ಕೆ ಒಂದೆರಡು ಹನಿ ಅಮೋನಿಯಾ ಹಾಕಿದರೆ ಗಂಟೆಗಟ್ಟಲೆ ಹಿಡಿಯುವ ಇಳಿತ ಬೇಗನೆ ಮುಗಿದುಹೋಗುತ್ತದೆ. ಕ್ಷಾರ ಇದ್ದರೆ ಉಂಗುರ ಬಿಚ್ಚುವುದು ಬಹಳ ಚುರುಕು. ಟಾಲೆನ್ಸ್ ಕಾರಕದಲ್ಲಿ ಇರುವುದೂ ಅಮೋನಿಯಾ ಅಲ್ವಾ! ಬೆಳ್ಳಿ ಅಯಾನು ಸರಪಳಿಯನ್ನು ಉತ್ಕರ್ಷಿಸಿ ಬಳಸಿದಂತೆಲ್ಲ ಉಂಗುರಗಳು ಬಿಚ್ಚಿ ಹೊಸ ಸರಪಳಿ ಕೊಡುತ್ತಲೇ ಇರುತ್ತವೆ. ಅದಕ್ಕೇ ಅಷ್ಟು ಕಡಿಮೆ ಆಲ್ಡಿಹೈಡ್ ಸಾಕಾಗುತ್ತದೆ.

ಸುಕ್ರೋಸ್ ಇಟ್ಟರೆ ಓದು ಅಲುಗಾಡುವುದಿಲ್ಲ, ಕನ್ನಡಿಯೂ ಕಟ್ಟುವುದಿಲ್ಲ. ಗ್ಲೂಕೋಸಿನ ಒಂದನೇ ಕಾರ್ಬನ್ನು ಫ್ರಕ್ಟೋಸಿನ ಎರಡನೇ ಕಾರ್ಬನ್ನಿಗೆ ಬೆಸೆದಿದೆ. ಬಿಚ್ಚಿಕೊಳ್ಳಬೇಕಾದ ಎರಡೂ ಜಾಗ ಕಟ್ಟಿಹಾಕಿದ ಹಾಗೆ. ಮಾಲ್ಟೋಸಿನಲ್ಲಿ ಒಂದು ಜಾಗ ಬಿಡುವಾಗಿದೆ, ಹಾಗಾಗಿ ಅದು ಬೆಳ್ಳಿಯನ್ನು ಅಪಕರ್ಷಿಸುತ್ತದೆ.

ಸುಕ್ರೋಸನ್ನು ಆಮ್ಲದಲ್ಲಿ ಕಾಯಿಸಿ ಒಡೆದರೆ ಅದೂ ಕನ್ನಡಿ ಕೊಡುತ್ತದೆ. ನಾನು ಬಳಸುವುದು ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ. ಹೈಡ್ರೋಕ್ಲೋರಿಕ್ ಹಾಕಿದರೆ ಕ್ಲೋರೈಡ್ ಉಳಿದು ಸಿಲ್ವರ್ ಕ್ಲೋರೈಡ್ ಬಿಳಿಯಾಗಿ ಒತ್ತರಿಸಬಹುದು. ಟಾಲೆನ್ಸ್ ಸೇರಿಸುವ ಮೊದಲು ಸೋಡಾದಿಂದ ಆಮ್ಲವನ್ನು ತಟಸ್ಥ ಮಾಡಲೇಬೇಕು. ಇಲ್ಲದಿದ್ದರೆ ಆಮ್ಲ ಅಮೋನಿಯಾವನ್ನು ತಿಂದುಹಾಕಿ ಕಾರಕವೇ ಕೆಡುತ್ತದೆ.

ಕಾರಕವನ್ನು ಬಳಸುವ ಹೊತ್ತಿಗೆ ಬೇಕಾದಷ್ಟೇ ಮಾಡಿಕೊಳ್ಳಿ. ಸಿಲ್ವರ್ ನೈಟ್ರೇಟಿಗೆ ಒಂದು ಹನಿ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ, ಬರುವ ಕಂದು ಒತ್ತರ ಕರಗುವಷ್ಟೇ ಅಮೋನಿಯಾ ಸಾಕು, ಜಾಸ್ತಿ ಬೇಡ. ಉಳಿದದ್ದನ್ನು ಎತ್ತಿಡಬೇಡಿ. ಒಣಗಿದರೆ ಸಿಡಿಯುವ ಬೆಳ್ಳಿ ಸಂಯುಕ್ತ ಆಗುತ್ತದೆ. ಅವತ್ತೇ ಸಾರರಿಕ್ತ ನೈಟ್ರಿಕ್ ಆಮ್ಲ ಹಾಕಿ ಕೆಡಿಸಿ, ಬೆಳ್ಳಿ ತ್ಯಾಜ್ಯದ ಬಾಟಲಿಗೆ ಸುರಿಯಿರಿ.